ಚಿಕ್ಕದು, ಸರಳ, ಕೊನೆ ಹಾಗೇ ಇರಲಿ

ಒಂದು ಬರಹವನ್ನು ಇಳಿಸಿಕೊಡಿ ಎಂದು ಕೇಳುವವರು ಒಂದೇ ಸಲಕ್ಕೆ ಎಲ್ಲವನ್ನೂ ಹೇಳುವುದಿಲ್ಲ. ಮೊದಲು 'ಸ್ವಲ್ಪ ಚಿಕ್ಕದು ಮಾಡಿ' ಎನ್ನುತ್ತಾರೆ. ಅದನ್ನು ಓದಿ 'ಇನ್ನೂ ಸರಳ ಆಗಬೇಕು' ಎನ್ನುತ್ತಾರೆ. ಅದೂ ಆದಮೇಲೆ 'ಕೊನೆ ಮಾತ್ರ ಮೊದಲಿದ್ದ ಹಾಗೇ ಇರಲಿ' ಎಂಬ ಮಾತು ಬರುತ್ತದೆ. ಕೇಳುವವರ ಮಟ್ಟಿಗೆ ಇದೆಲ್ಲ ಒಂದೇ ಕೆಲಸ. ಬರೆಯುವವರ ಕೈಯಲ್ಲಿ ಮಾತ್ರ ಒಂದೊಂದು ಸೂಚನೆಯೂ ಬರಹವನ್ನು ಒಂದೊಂದು ಕಡೆಗೆ ಎಳೆಯುತ್ತದೆ. ಮೊದಲ ಸೂಚನೆ ಕಡಿದು ಹಾಕಿದ್ದು ಮುಂದಿನದರ ಕಣ್ಣಿಗೆ ಬೀಳುವುದೇ ಇಲ್ಲ.

ಕೊಡಗಿನಲ್ಲಿ ಸಣ್ಣ ಕಾಫಿ ಬೆಳೆಗಾರರ ಸಂಘವೊಂದಕ್ಕೆ ನಾನು ತಿಳಿವಳಿಕೆ ಚೀಟಿಗಳನ್ನು ಬರೆದುಕೊಡುತ್ತೇನೆ. ಕಾಫಿ ಸಂಶೋಧನೆಯ ಮುಖ್ಯ ಕೇಂದ್ರ ಬಾಳೆಹೊನ್ನೂರಿನಲ್ಲಿದೆ, ಅದರ ಉಪಕೇಂದ್ರ ನಮ್ಮ ಚೆಟ್ಟಳ್ಳಿಯಲ್ಲಿದೆ. ಶಿಫಾರಸುಗಳಿಗೆ ಕೊರತೆಯಿಲ್ಲ, ಅವು ವಿವರವಾಗಿಯೂ ಇರುತ್ತವೆ. ಅವನ್ನು ಸಂಘದ ಬೋರ್ಡಿಗೆ, ಫೋನಿನ ಮೆಸೇಜಿಗೆ, ತೋಟದ ಕಾರ್ಮಿಕರ ಲೈನ್ ಮನೆಯ ಗೋಡೆಗೆ ಹೊಂದುವಷ್ಟಕ್ಕೆ ಇಳಿಸುವುದು ನನ್ನ ಕೆಲಸ. ಇಲ್ಲಿ ಬಿಳಿ ಕಾಂಡಕೊರಕದ ಚೀಟಿಯನ್ನೇ ಮುಂದಿಟ್ಟುಕೊಂಡು ಒಂದೊಂದು ಸುತ್ತಿನಲ್ಲಿ ಏನಾಗುತ್ತದೆ ಎಂದು ತೋರಿಸುತ್ತೇನೆ. ಅರೇಬಿಕಾ ಕಾಫಿ ಬೆಳೆದವರಿಗೆ ಈ ಹುಳುವಿನ ಪರಿಚಯ ಮಾಡಿಸಬೇಕಾಗಿಲ್ಲ. ಉಳಿದವರಿಗೆ ಇಷ್ಟು ಗೊತ್ತಿದ್ದರೆ ಸಾಕು: ದುಂಬಿ ತೊಗಟೆಯಲ್ಲಿ ಮೊಟ್ಟೆಯಿಡುತ್ತದೆ, ಮರಿ ಹುಳು ಕಾಂಡದೊಳಗೆ ತಿಂಗಳುಗಟ್ಟಲೆ ಕೊರೆಯುತ್ತಾ ಕೂರುತ್ತದೆ, ಹೊರಗೆ ಎಲೆ ಹಳದಿಯಾಗುವ ಹೊತ್ತಿಗೆ ಒಳಗಿನ ಮರ ಟೊಳ್ಳಾಗಿರುತ್ತದೆ.

ಇಳಿಸುವ ಮೊದಲಿನ ಬರಹ ಇದು:

"ಅರೇಬಿಕಾ ತೋಟಕ್ಕೆ ಬೀಳುವ ಬಿಳಿ ಕಾಂಡಕೊರಕದ ದುಂಬಿ ವರ್ಷಕ್ಕೆ ಎರಡು ಸಲ ಹೊರಬರುತ್ತದೆ: ಏಪ್ರಿಲ್‌ನಿಂದ ಮೇ ತನಕ ಒಮ್ಮೆ, ಅಕ್ಟೋಬರ್‌ನಿಂದ ಡಿಸೆಂಬರ್ ತನಕ ಇನ್ನೊಮ್ಮೆ. ನೆರಳು ಕಡಿಮೆಯಾಗಿ ಬಿಸಿಲು ಬೀಳುವ ಕಡೆ ಇದರ ಕಾಟ ಹೆಚ್ಚು. ದುಂಬಿ ಮುಖ್ಯ ಕಾಂಡ ಹಾಗೂ ದಪ್ಪ ಪ್ರಾಥಮಿಕ ರೆಂಬೆಗಳ ತೊಗಟೆಯ ಬಿರುಕಿನಲ್ಲಿ ಮೊಟ್ಟೆಯಿಡುತ್ತದೆ. ಆದ್ದರಿಂದ ದುಂಬಿ ಹಾರುವ ಮೊದಲು ಸಡಿಲ ತೊಗಟೆಯನ್ನು ತೆಂಗಿನ ನಾರಿನ ಕೈಗವಸಿನಿಂದ ಉಜ್ಜಿ ತೆಗೆಯಬೇಕು, ಕತ್ತಿ ಬಳಸಬಾರದು. ಬಳಿಕ 200 ಲೀಟರ್ ನೀರಿಗೆ 20 ಕಿಲೊ ಸುಣ್ಣ ಕಲಸಿ ಕಾಂಡಕ್ಕೂ ದಪ್ಪ ರೆಂಬೆಗೂ ಬಳಿಯಬೇಕು. ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲಿ ತೋಟ ಸುತ್ತಿ, ಕಾಂಡದ ಮೇಲೆ ಉಬ್ಬಿದ ಗೆರೆ ಕಾಣುವ ಗಿಡಗಳನ್ನು ಗುರುತಿಸಬೇಕು. ಹುಳು ಬೇರಿಗೆ ಇಳಿಯದಿದ್ದರೆ ಬುಡದ ಮಟ್ಟಕ್ಕೆ ಕತ್ತರಿಸಿದರೆ ಸಾಕು, ಇಳಿದಿದ್ದರೆ ಬೇರುಸಹಿತ ಕೀಳಬೇಕು. ಅಂಥ ಗಿಡಗಳನ್ನು ಸೌದೆಗೆಂದು ಮನೆ ಹಿಂದೆ ಪೇರಿಸಿಡಬೇಡಿ. ಒಳಗಿನ ಹುಳು ದುಂಬಿಯಾಗಿ ಮತ್ತೆ ತೋಟಕ್ಕೇ ಬರುತ್ತದೆ. ತಡಮಾಡದೆ ಸುಡಿ."

ಒಟ್ಟು 97 ಪದ. 'ಅಂಥ ಗಿಡಗಳನ್ನು' ಎಂಬಲ್ಲಿಂದ ಮುಂದಿನ ಕೊನೆಯ ಭಾಗ 14 ಪದ. ಈ ಎರಡು ಲೆಕ್ಕ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಮೊದಲ ಸೂಚನೆ: ಚಿಕ್ಕದು ಮಾಡಿ. ಮೂರರಲ್ಲಿ ಒಂದು ಪಾಲಿಗೆ ಇಳಿಸಿದರೆ ಹೀಗಾಗುತ್ತದೆ:

"ಬಿಳಿ ಕಾಂಡಕೊರಕದ ದುಂಬಿ ಏಪ್ರಿಲ್–ಮೇ ಹಾಗೂ ಅಕ್ಟೋಬರ್–ಡಿಸೆಂಬರ್‌ನಲ್ಲಿ ಹಾರಿ, ಕಾಂಡದ ತೊಗಟೆಯಲ್ಲಿ ಮೊಟ್ಟೆಯಿಡುತ್ತದೆ. ಸಡಿಲ ತೊಗಟೆಯನ್ನು ನಾರಿನ ಕೈಗವಸಿನಿಂದ ಉಜ್ಜಿ ತೆಗೆದು, ಶೇ 10ರ ಸುಣ್ಣದ ನೀರು ಬಳಿಯಬೇಕು. ಮಾರ್ಚ್, ಸೆಪ್ಟೆಂಬರ್‌ನಲ್ಲಿ ಬಾಧಿತ ಗಿಡಗಳನ್ನು ಗುರುತಿಸಿ ಕೀಳಬೇಕು. ಅವನ್ನು ಸೌದೆಗೆ ಇಡದೆ ಸುಡಬೇಕು."

31 ಪದ. ಮೇಲುನೋಟಕ್ಕೆ ಎಲ್ಲವೂ ಇದೆ: ದುಂಬಿ ಹಾರುವ ಕಾಲ, ತೊಗಟೆ, ಸುಣ್ಣ, ಗಿಡ ಕೀಳುವುದು, ಸುಡುವುದು. ಓದಿದವರು 'ಚೆನ್ನಾಗಿದೆ, ಏನೂ ಬಿಟ್ಟಿಲ್ಲ' ಅನ್ನುತ್ತಾರೆ. 'ಚಿಕ್ಕದು' ಎಂಬ ಸೂಚನೆಯ ಗುಣವೇ ಇದು. ಅದು ಕೆಲಸಗಳ ಹೆಸರನ್ನು ಉಳಿಸುತ್ತದೆ, ಆ ಕೆಲಸಕ್ಕೆ ಅಂಟಿಕೊಂಡಿದ್ದ ಷರತ್ತು, ಕಾರಣ ಮತ್ತು ನಿಷೇಧಗಳನ್ನು ಮೊದಲು ತಿನ್ನುತ್ತದೆ. ಕತ್ತಿ ಬಳಸಬಾರದು ಎಂಬುದು ಹೋಗಿದೆ. ಹುಳು ಬೇರಿಗೆ ಇಳಿದಿದೆಯೋ ಇಲ್ಲವೋ ನೋಡಿ ಕಡಿಯುವುದು ಅಥವಾ ಕೀಳುವುದು ಎಂಬ ಆಯ್ಕೆ ಹೋಗಿ ಬರೀ ಕೀಳುವುದು ಉಳಿದಿದೆ. ಬುಡಕ್ಕೆ ಕತ್ತರಿಸಿದರೆ ಮತ್ತೆ ಚಿಗುರಬಹುದಾಗಿದ್ದ ಗಿಡವೂ ಈ ಚೀಟಿಯ ಪ್ರಕಾರ ಬೇರು ಸಮೇತ ಹೋಗುತ್ತದೆ. ಸೌದೆಗೆ ಇಡಬಾರದು ಎಂಬುದು ಉಳಿದಿದೆ, ಯಾಕೆ ಎಂಬುದು ಇಲ್ಲ. ಮಳೆಗಾಲಕ್ಕೆ ಸೌದೆ ಕೂಡಿಡುವ ಊರಿನಲ್ಲಿ ಕಾರಣ ಹೇಳದೆ 'ಸೌದೆ ಸುಟ್ಟುಹಾಕಿ' ಎಂದರೆ ಕೇಳುವವರು ಕಡಿಮೆ.

ಇನ್ನೊಂದು ಸೂಕ್ಷ್ಮವಿದೆ, ನನಗೆ ಇದು ಮುಖ್ಯ ಅನ್ನಿಸುತ್ತದೆ. ಚಿಕ್ಕದಾಗುತ್ತಾ ಹೋದಂತೆ ಬರಹ ಕಷ್ಟವಾಗುತ್ತದೆ. 'ಕಾಂಡದ ಮೇಲೆ ಉಬ್ಬಿದ ಗೆರೆ ಕಾಣುವ ಗಿಡಗಳು' ಎಂಬ ಆರು ಪದದ ಜಾಗದಲ್ಲಿ 'ಬಾಧಿತ ಗಿಡಗಳು' ಬಂದು ಕೂತಿದೆ. ಆರು ಪದ ಎರಡಾಯಿತು ನಿಜ, ಆದರೆ ಗಿಡದ ಮುಂದೆ ನಿಂತವನು ಏನು ನೋಡಬೇಕು ಎಂಬುದು ಅದರೊಳಗೆ ಮುಚ್ಚಿಹೋಯಿತು. 200 ಲೀಟರಿಗೆ 20 ಕಿಲೊ ಎಂಬುದು 'ಶೇ 10' ಆಗಿದೆ. ಸುಣ್ಣದ ಚೀಲ, ನೀರಿನ ಡ್ರಮ್ ಎದುರಿಗಿಟ್ಟುಕೊಂಡವರು ಶೇಕಡಾ ಲೆಕ್ಕ ಮಾಡಿ ಕಲಸುವುದಿಲ್ಲ. ಹೆಚ್ಚು ವಿಷಯವನ್ನು ಕಡಿಮೆ ಜಾಗಕ್ಕೆ ತುರುಕಬೇಕಾದಾಗ ಕೈಗೆ ಸಿಗುವುದು ಇಲಾಖೆಯ ಭಾಷೆಯೇ. ಹಾಗಾಗಿ ಈ ಸುತ್ತು ಮುಗಿಯುತ್ತಿದ್ದಂತೆ 'ಸರಳ ಮಾಡಿ' ಎಂಬ ಎರಡನೇ ಸೂಚನೆ ಬರುವುದು ಸಹಜ. ಅದರ ಅಗತ್ಯವನ್ನು ಹುಟ್ಟಿಸಿದ್ದೇ ಮೊದಲ ಸೂಚನೆ.

ಎರಡನೇ ಸುತ್ತಿಗೆ ಈ 31 ಪದದ ಚೀಟಿಯನ್ನೇ ಕೈಗೆ ತೆಗೆದುಕೊಂಡರೆ ಫಲಿತಾಂಶ ಹೀಗಿರುತ್ತದೆ:

"ಕಾಫಿ ಗಿಡಕ್ಕೆ ಹುಳು ಬೀಳುವ ಕಾಲ ವರ್ಷಕ್ಕೆ ಎರಡು. ಅದಕ್ಕೆ ಮುಂಚೆ ಗಿಡದ ತೊಗಟೆ ಉಜ್ಜಿ ತೆಗೆದು ಸುಣ್ಣ ಬಳಿಯಿರಿ. ಹುಳು ಬಿದ್ದ ಗಿಡವನ್ನು ಕಿತ್ತು ಸುಟ್ಟುಬಿಡಿ."

20 ಪದ. ಚಿಕ್ಕದು ಮಾಡಿ ಎಂದು ಈ ಸುತ್ತಿನಲ್ಲಿ ಯಾರೂ ಹೇಳಿರಲಿಲ್ಲ. ಆದರೂ ಮೂರರಲ್ಲಿ ಒಂದು ಪಾಲು ಮತ್ತೆ ಕರಗಿತು. ಹಿಂದಿನ ಸುತ್ತಿನ ಸೂಚನೆಯನ್ನು ಯಾರೂ ಹಿಂದಕ್ಕೆ ಪಡೆದಿರುವುದಿಲ್ಲವಲ್ಲ, ಬರೆಯುವವರ ಮನಸ್ಸಿನಲ್ಲಿ ಅದಿನ್ನೂ ಜಾರಿಯಲ್ಲಿರುತ್ತದೆ. ನಿಜವಾಗಿ ಸರಳ ಮಾಡಬೇಕಾದರೆ ಬರಹ ಬೆಳೆಯಬೇಕು. 'ಬಾಧಿತ' ಎಂಬುದನ್ನು ಬಿಡಿಸಿದರೆ ಒಂದು ಪೂರ್ತಿ ವಾಕ್ಯ ಬೇಕು. ಆದರೆ ಈಗಷ್ಟೇ ಚಿಕ್ಕದು ಮಾಡಿಸಿಕೊಂಡವರ ಮುಂದೆ ಉದ್ದವಾದ ಪ್ರತಿಯನ್ನು ಇಡಲು ಕೈ ಬರುವುದಿಲ್ಲ. ಆಗ ಉಳಿಯುವ ದಾರಿ ಒಂದೇ, ಕಷ್ಟದ ಮಾತನ್ನು ಬಿಡಿಸುವ ಬದಲು ಬಿಟ್ಟೇಬಿಡುವುದು. ಶೇ 10 ಹೋಗಿ ಬರೀ ಸುಣ್ಣ ಉಳಿಯಿತು. ಮಾರ್ಚ್, ಸೆಪ್ಟೆಂಬರ್ ಎರಡೂ ಹೋದವು. ಅರೇಬಿಕಾ ಎಂಬುದು ಮೊದಲ ಸುತ್ತಿನಲ್ಲೇ ಹೋಗಿತ್ತು, ಈಗ ಆ ಜಾಗದಲ್ಲಿ 'ಕಾಫಿ ಗಿಡ' ಬಂದಿದೆ. ಕೊಡಗಿನಲ್ಲಿ ರೋಬಸ್ಟಾ ತೋಟವೇ ಹೆಚ್ಚು. ಈ ಹುಳುವಿನ ಕಾಟ ಮುಖ್ಯವಾಗಿ ಅರೇಬಿಕಾಕ್ಕೆ. ಅಂದರೆ ಚೀಟಿ ಓದುವವರಲ್ಲಿ ಬಹಳ ಮಂದಿಗೆ ಸಂಬಂಧವೇ ಇಲ್ಲದ ಕೆಲಸವನ್ನು ಅದು ಹೇಳುತ್ತಿದೆ.

ಎಲ್ಲಕ್ಕಿಂತ ಅಪಾಯದ್ದು 'ಸಡಿಲ' ಎಂಬುದು ಬಿದ್ದುಹೋದದ್ದು. ಇಂಥ ಕರಡುಗಳನ್ನು ಮೂಲ ಓದಿರದ ಒಬ್ಬರ ಕೈಗೆ ಕೊಟ್ಟು, ಇದನ್ನು ನೋಡಿ ನಾಳೆ ಏನು ಮಾಡ್ತೀರಿ ಎಂದು ಕೇಳುವುದು ನನ್ನ ಪದ್ಧತಿ. ಪಕ್ಕದ ತೋಟದ ಮೇಸ್ತ್ರಿ ಈ ಚೀಟಿಯನ್ನು ಎರಡು ಸಲ ಓದಿ, "ಅಕ್ಕಾ, ತೊಗಟೆ ತೆಗೀಬೇಕು ಅಂತ ಇದೆ. ಹಾಗಾದ್ರೆ ಕತ್ತಿ ಬೇಕಲ್ಲಾ, ಉಜ್ಜಿದ್ರೆ ಎಲ್ಲಿ ಬರುತ್ತೆ?" ಅಂದರು. ಅವರ ಪ್ರಶ್ನೆ ನ್ಯಾಯವಾದದ್ದು. ಸಡಿಲವಾದ ಒಣ ಸಿಪ್ಪೆ ನಾರಿನಲ್ಲಿ ಉಜ್ಜಿದರೆ ಉದುರುತ್ತದೆ. ಗಿಡದ ಹಸಿ ತೊಗಟೆ ಹಾಗೆ ಬರುವುದಿಲ್ಲ, ಅದಕ್ಕೆ ಕತ್ತಿಯೇ ಬೇಕು, ಮತ್ತು ಹಸಿ ತೊಗಟೆ ಸುತ್ತಲೂ ಎದ್ದುಬಂದ ಗಿಡ ಹುಳುವಿಗಿಂತ ಮೊದಲೇ ಸಾಯುತ್ತದೆ. ಮೊದಲ ಸುತ್ತಿನಲ್ಲಿ ಕತ್ತಿಯ ನಿಷೇಧ ಹೋದಾಗ ಏನೂ ಆಗಿರಲಿಲ್ಲ, 'ಸಡಿಲ' ಮತ್ತು 'ಕೈಗವಸು' ಸೇರಿ ಅದರ ಕೆಲಸ ಮಾಡುತ್ತಿದ್ದವು. ಎರಡನೇ ಸುತ್ತಿನಲ್ಲಿ ಅವೆರಡೂ ಒಟ್ಟಿಗೆ ಹೋದವು. ಒಂದೊಂದು ಸುತ್ತನ್ನೂ ಬೇರೆಬೇರೆಯಾಗಿ ನೋಡಿದರೆ ಯಾವುದೂ ದೊಡ್ಡ ತಪ್ಪಿನ ಹಾಗೆ ಕಾಣುವುದಿಲ್ಲ. ಮೂಲವನ್ನು ಪಕ್ಕದಲ್ಲಿ ಇಟ್ಟುಕೊಂಡು ನೋಡಿದರಷ್ಟೇ ಗೊತ್ತಾಗುತ್ತದೆ.

ಇಲ್ಲಿಗೆ ಮೂರನೇ ಸೂಚನೆ ಬರುತ್ತದೆ: ಕೊನೆ ಹಾಗೇ ಇರಲಿ. ಯಾವ ಕೊನೆ? ಕೈಯಲ್ಲಿರುವ ಪ್ರತಿಯ ಕೊನೆ 'ಕಿತ್ತು ಸುಟ್ಟುಬಿಡಿ'. ಕೇಳುವವರ ಮನಸ್ಸಿನಲ್ಲಿರುವುದು ಸೌದೆಯ ಆ ಮಾತು, ಮೂಲದ 14 ಪದ. ಅದನ್ನು ತಂದು 20 ಪದದ ಚೀಟಿಯ ಬಾಲಕ್ಕೆ ಅಂಟಿಸಿದರೆ, ಮೂಲದಲ್ಲಿ ಏಳರಲ್ಲಿ ಒಂದು ಪಾಲು ಇದ್ದದ್ದು ಈಗ ಹತ್ತಿರಹತ್ತಿರ ಅರ್ಧ ಆಗುತ್ತದೆ. ಓದುವವರಿಗೆ ಇದು ಸೌದೆಯ ಬಗ್ಗೆ ಬರೆದ ಚೀಟಿ ಅನ್ನಿಸುತ್ತದೆ. ಉಳಿದದ್ದೆಲ್ಲ ಸುತ್ತಿನಿಂದ ಸುತ್ತಿಗೆ ಕುಗ್ಗುವಾಗ ಒಂದನ್ನು ಮಾತ್ರ ಮುಟ್ಟದೆ ಬಿಟ್ಟರೆ ಅದರ ತೂಕ ತಾನಾಗಿ ಏರುತ್ತದೆ.

ಪದಗಳು ಹಾಗೇ ಇರಬೇಕೆಂದರೆ ಇನ್ನೊಂದು ತೊಡಕೂ ಇದೆ. ಆ ಕೊನೆ ಶುರುವಾಗುವುದು 'ಅಂಥ ಗಿಡಗಳನ್ನು' ಎಂದು. ಮೂಲದಲ್ಲಿ ಅದರ ಹಿಂದೆ ಉಬ್ಬಿದ ಗೆರೆಯ ಮಾತು, ಬೇರಿನ ಮಾತು ಇದ್ದವು, ಎಂಥ ಗಿಡ ಎಂಬ ಅನುಮಾನ ಬರುತ್ತಿರಲಿಲ್ಲ. ನಡುವಿನದು ಹೋದಮೇಲೆ 'ಅಂಥ' ಎಂಬುದು 'ಹುಳು ಬಿದ್ದ ಗಿಡ' ಎಂಬುದನ್ನು ಹಿಡಿದುಕೊಂಡು ನಿಲ್ಲಬೇಕು, ಆ ಹುಳು ಬಿದ್ದ ಗಿಡ ಯಾವುದೆಂದು ಕಂಡುಹಿಡಿಯುವುದು ಹೇಗೆ ಎಂಬುದು ಎಲ್ಲೂ ಇಲ್ಲ. ಎಲೆ ಬಾಡಿದ ಮೇಲೆ ಎಲ್ಲರಿಗೂ ಗೊತ್ತಾಗುತ್ತದೆ ನಿಜ. ಅಷ್ಟರಲ್ಲಿ ಆ ಸಲದ ದುಂಬಿ ಹಾರಿಹೋಗಿದ್ದರೆ ಸುಟ್ಟು ಉಪಯೋಗವಿಲ್ಲ. ಸುಡುವುದಕ್ಕೆ ಅರ್ಥ ಬರುವುದೇ ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲಿ ಹುಡುಕಿದರೆ, ಅಂದರೆ ಹುಳು ಇನ್ನೂ ಮರದೊಳಗಿರುವಾಗ. ಕೊನೆಯನ್ನು ಅಕ್ಷರಶಃ ಉಳಿಸಿಕೊಂಡೂ ಅದರ ಪ್ರಯೋಜನವನ್ನು ಕಳೆದುಕೊಳ್ಳಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನ್ನ ಕಣ್ಣಿಗೆ ಬಿದ್ದಿಲ್ಲ.

ಈಗ ಅದೇ ಮೂರು ಸೂಚನೆಗಳನ್ನು ತಿರುಗಿಸಿ ಹಾಕಿ ನೋಡೋಣ. ಮೂಲವನ್ನು ಕೈಗೆತ್ತಿಕೊಳ್ಳುವಾಗಲೇ ಕೊನೆ ಹಾಗೇ ಇರಬೇಕೆಂದು ಗೊತ್ತಿದೆ. ಆಮೇಲೆ ಸರಳ. ಚಿಕ್ಕದು ಎಲ್ಲಕ್ಕಿಂತ ಕೊನೆಗೆ.

ಸರಳ ಮಾಡುವ ಸುತ್ತು ಮೂಲದ ಮೇಲೇ ನಡೆದರೆ ಬರಹ ಉದ್ದವಾಗುತ್ತದೆ, ಆಗಲಿ. 'ಮುಖ್ಯ ಕಾಂಡ' ಎಂಬುದು ತೋಟದ ಮಾತಿನಲ್ಲಿ 'ಬೊಡ್ಡೆ' ಆಗುತ್ತದೆ, 'ದಪ್ಪ ಪ್ರಾಥಮಿಕ ರೆಂಬೆ' ಎಂಬುದು 'ದಪ್ಪ ಕೊಂಬೆ' ಆಗುತ್ತದೆ. 200 ಲೀಟರಿನ ಲೆಕ್ಕ ದೊಡ್ಡ ಡ್ರಮ್ ಇರುವ ತೋಟಕ್ಕೆ ಸರಿ, ಒಂದೆರಡು ಎಕರೆಯವರಿಗೆ 'ಹತ್ತು ಲೀಟರ್ ನೀರಿಗೆ ಒಂದು ಕಿಲೊ ಸುಣ್ಣ' ಎಂದರೆ ಬಕೆಟ್ಟಿನಲ್ಲೇ ಕೆಲಸವಾಗುತ್ತದೆ. ಪ್ರಮಾಣ ಅದೇ, ಶೇಕಡಾ ಲೆಕ್ಕದ ಗೋಜಿಲ್ಲ. ಗುರುತಿಸುವ ವಾಕ್ಯವನ್ನು ಬಿಡಿಸಿ, ಗೆರೆ ಕಂಡರೆ ಒಳಗೆ ಹುಳು ಇದೆ ಎಂದು ನೇರವಾಗಿ ಹೇಳಬಹುದು. ಹೀಗೆ ಬಿಡಿಸಿದ್ದರಿಂದ ಯಾವ ಮಾತು ಯಾವುದಕ್ಕೆ ಆಧಾರ ಎಂಬುದು ಕಣ್ಣಿಗೆ ಕಾಣುತ್ತದೆ, ಮುಂದಿನ ಸುತ್ತಿನಲ್ಲಿ ಕಡಿಯುವಾಗ ಅದು ಉಪಕಾರಕ್ಕೆ ಬರುತ್ತದೆ. ಇದಾದಮೇಲೆ ಚಿಕ್ಕದು ಮಾಡಿದರೆ:

"ಅರೇಬಿಕಾ ತೋಟದವರಿಗೆ: ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲಿ ಪ್ರತಿ ಗಿಡದ ಬೊಡ್ಡೆ ನೋಡಿ. ತೊಗಟೆ ಮೇಲೆ ಉಬ್ಬಿದ ಗೆರೆ ಇದ್ದರೆ ಒಳಗೆ ಹುಳು ಇದೆ. ಬುಡಕ್ಕೆ ಕಡಿಯಿರಿ, ಬೇರಿಗೂ ಇಳಿದಿದ್ದರೆ ಗಿಡವನ್ನೇ ಕೀಳಿ. ಅಂಥ ಗಿಡಗಳನ್ನು ಸೌದೆಗೆಂದು ಮನೆ ಹಿಂದೆ ಪೇರಿಸಿಡಬೇಡಿ. ಒಳಗಿನ ಹುಳು ದುಂಬಿಯಾಗಿ ಮತ್ತೆ ತೋಟಕ್ಕೇ ಬರುತ್ತದೆ. ತಡಮಾಡದೆ ಸುಡಿ."

37 ಪದ. ಮೊದಲ ದಾರಿಯ ಮೊದಲ ಸುತ್ತಿನಲ್ಲಿ ಬಂದದ್ದಕ್ಕಿಂತ ಬರೀ ಆರು ಪದ ಹೆಚ್ಚು. ಆ ಚೀಟಿಯನ್ನೂ ಈ ಚೀಟಿಯನ್ನೂ ಅಕ್ಕಪಕ್ಕ ಇಟ್ಟರೆ ಒಂದೇ ಮೂಲದಿಂದ ಬಂದವು ಎಂದು ನಂಬುವುದು ಕಷ್ಟ. ಅದರಲ್ಲಿ ಐದು ಕೆಲಸಗಳ ಹೆಸರಿದ್ದವು, ಯಾವುದನ್ನೂ ಪೂರ್ತಿ ಮಾಡಲು ಬರುತ್ತಿರಲಿಲ್ಲ. ಇದರಲ್ಲಿ ಒಂದೇ ಕೆಲಸವಿದೆ, ಅದನ್ನು ಮೊದಲಿಂದ ಕೊನೆಯವರೆಗೆ ಮಾಡಬಹುದು. ಸುಣ್ಣ, ಕೈಗವಸು, ದುಂಬಿ ಹಾರುವ ತಿಂಗಳು, ನೆರಳು ಎಲ್ಲವೂ ಪೂರ್ತಿಯಾಗಿ ಹೋಗಿವೆ.

ಅವನ್ನು ತೆಗೆಯಿರಿ ಎಂದು ಯಾರೂ ಹೇಳಿರಲಿಲ್ಲ. ತೆಗೆಸಿದ್ದು ಕೊನೆ. 'ಅಂಥ ಗಿಡಗಳು' ಎಂಬ ಮಾತು ಉಳಿಯಬೇಕಾದರೆ ಎಂಥವು ಎಂದು ಹೇಳುವ ವಾಕ್ಯ ಬೇಕು. ಹುಳು ಒಳಗಿರುವಾಗಲೇ ಸಿಗಬೇಕಾದರೆ ತಿಂಗಳ ಹೆಸರು ಬೇಕು. ಕಡಿದ ಗಿಡದ ಮಾತಾಡಬೇಕಾದರೆ ಯಾವುದನ್ನು ಕಡಿಯುವುದು, ಯಾವುದನ್ನು ಕೀಳುವುದು ಎಂಬುದು ಬೇಕು. ಕೊನೆಯಿಂದ ಹಿಂದಕ್ಕೆ ಎಳೆದ ದಾರಕ್ಕೆ ಸಿಕ್ಕಿದ್ದು ಉಳಿಯಿತು, ಸಿಗದದ್ದು ಉದುರಿತು. ಮೂಲದ ಕೊನೆಯ ವಾಕ್ಯ ಸುಣ್ಣದ ಬಗ್ಗೆ ಇದ್ದಿದ್ದರೆ ಇದೇ ಸೂಚನೆಗಳಿಂದ ಸುಣ್ಣದ ಚೀಟಿ ಬರುತ್ತಿತ್ತು, ಸುಡುವ ಮಾತು ಹೋಗುತ್ತಿತ್ತು. ಆದ್ದರಿಂದ 'ಕೊನೆ ಹಾಗೇ ಇರಲಿ' ಎಂಬುದು ಬರೀ ಬಾಲದ ಬಗೆಗಿನ ಸೂಚನೆ ಎಂದು ನಾನು ಒಪ್ಪುವುದಿಲ್ಲ. ನಡುವಿನಲ್ಲಿ ಏನಿರಬೇಕು ಎಂದು ತೀರ್ಮಾನಿಸುವುದು ಅದೇ. ಮೊದಲೇ ಹೇಳಿದರೆ ಅದು ಆಯ್ಕೆ ಮಾಡುತ್ತದೆ, ತಡವಾಗಿ ಹೇಳಿದರೆ ಅಂಟಿಸಿದ ಚೂರಾಗಿ ಉಳಿಯುತ್ತದೆ.

'ಚಿಕ್ಕದು' ಎಂಬುದರ ಬಗ್ಗೆಯೂ ಒಂದು ಮಾತು. ಎಷ್ಟು ಎಂದು ಹೇಳದಿದ್ದರೆ ಬರೆಯುವವರು ಪ್ರತಿ ಸಲವೂ ಕೈಯಲ್ಲಿರುವುದರ ಅಳತೆಗೆ ಕಡಿಯುತ್ತಾರೆ. ನೂರಿದ್ದಾಗ ಮೂವತ್ತು ಪದ ತೆಗೆದರೆ ವಿವರ ಹೋಗುತ್ತದೆ, ಮೂವತ್ತಿದ್ದಾಗ ಹತ್ತು ತೆಗೆದರೆ ಅರ್ಥವೇ ಹೋಗುತ್ತದೆ. ತೋಟದಲ್ಲಿ ಮರ ಕಸಿ ಮಾಡಿಸುವಾಗ, ಅಂದರೆ ನೆರಳಿನ ಮರದ ಕೊಂಬೆ ಕಡಿಸುವಾಗ, ಮೇಲೆ ಹತ್ತಿದವನಿಗೆ ಯಾರೂ ಬರೀ 'ಇನ್ನೂ ಕಡಿ' ಎನ್ನುವುದಿಲ್ಲ, ಕೆಳಗೆ ನಿಂತು ಯಾವ ಕೊಂಬೆ ಬಿಡಬೇಕೆಂದು ಬೆರಳು ತೋರಿಸುತ್ತಾರೆ. ಬರಹಕ್ಕೂ ಅಷ್ಟು ಹೇಳಿದರೆ ಸಾಕು: ಎಷ್ಟಕ್ಕೆ ಇಳಿಯಬೇಕು, ಯಾವುದನ್ನು ಮುಟ್ಟಬಾರದು.

ಈಗ ಸಂಘದವರು ಹೊಸ ಸೂಚನೆ ಕೊಟ್ಟಾಗಲೆಲ್ಲ ಹಿಂದಿನ ಸುತ್ತಿನ ಪ್ರತಿಯನ್ನು ನಾನು ಪಕ್ಕಕ್ಕಿಡುತ್ತೇನೆ. ಅಲ್ಲಿಯವರೆಗೆ ಬಂದ ಸೂಚನೆಗಳನ್ನೆಲ್ಲ ಒಂದರ ಕೆಳಗೊಂದು ಬರೆದುಕೊಂಡು ಮೂಲದಿಂದಲೇ ಶುರು ಮಾಡುತ್ತೇನೆ. ಹೆಚ್ಚು ಹೊತ್ತು ಹಿಡಿಯುತ್ತದೆ, ಆದರೆ ಒಮ್ಮೆ ಕಡಿದದ್ದು ಮರಳಿ ಬರಲು ಬೇರೆ ದಾರಿಯಿಲ್ಲ. 20 ಪದದ ಚೀಟಿಯನ್ನು ಎಷ್ಟೇ ತಿದ್ದಿದರೂ ಅದರಿಂದ 'ಸಡಿಲ' ಎಂಬುದು ಹುಟ್ಟುವುದಿಲ್ಲ. ಮೂಲದ ಅಂಚಿನಲ್ಲಿ ಬಿಡಬಾರದ ಮಾತುಗಳಿಗೆ ಮೊದಲೇ ಗೆರೆ ಎಳೆದಿರುತ್ತೇನೆ. ಹಾಗೆ ಗೆರೆ ಎಳೆಯುವಾಗ ಕಣ್ಣಿಡುವುದು ದೊಡ್ಡ ಹೆಸರುಗಳ ಮೇಲಲ್ಲ, ಅವು ಹೇಗೂ ಉಳಿಯುತ್ತವೆ. 'ಇದ್ದರೆ', 'ಮೊದಲು', 'ಮಾತ್ರ', 'ಬಾರದು' ಇಂಥ ಚಿಕ್ಕ ಮಾತುಗಳನ್ನೇ ಹುಡುಕಿ ಗುರುತು ಹಾಕುತ್ತೇನೆ.

37 ಪದದ ಚೀಟಿ ಬೋರ್ಡಿಗೆ ಹೋಯಿತು. ಸಂಘದ ಸೆಕ್ರೆಟರಿ ಅದನ್ನು ಓದಿ, "ಮೇಡಂ, ಸುಣ್ಣದ ವಿಷಯ ಪೂರ್ತಿ ಹೋಯ್ತಲ್ಲ?" ಎಂದು ಕೇಳಿದರು. ಹೋಗಿದೆ, ಅದಕ್ಕೆ ಇನ್ನೊಂದು ಚೀಟಿ ಬೇಕು ಎಂದೆ. ಎರಡು ಕೆಲಸವನ್ನು ಒಂದರಲ್ಲೇ ತುಂಬಿದರೆ ಮತ್ತೆ ಆ 31 ಪದದ ಕಡೆಗೇ ಹೋಗುತ್ತೇವೆ. ಎರಡನೆಯದನ್ನು ಬರೆಯುವಾಗ ಕತ್ತಿಯ ಮಾತನ್ನು ನಡುವಿನಿಂದ ಎತ್ತಿ ಕೊನೆಗೆ ಇಟ್ಟೆ. ಮುಂದೆ ಯಾರಾದರೂ ಅದನ್ನು ಇನ್ನೂ ಇಳಿಸಲು ಹೊರಟರೆ ಕೊನೆಯನ್ನು ಮುಟ್ಟಬೇಡಿ ಎನ್ನುವುದು ಎಲ್ಲರ ಅಭ್ಯಾಸ, ಆ ಅಭ್ಯಾಸವೇ ಕತ್ತಿಯ ನಿಷೇಧವನ್ನು ಕಾಯಲಿ ಎಂದು:

"ಅರೇಬಿಕಾ ತೋಟದವರಿಗೆ: ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲಿ ಬೊಡ್ಡೆ ಹಾಗೂ ದಪ್ಪ ಕೊಂಬೆಯ ಸಡಿಲ ತೊಗಟೆಯನ್ನು ತೆಂಗಿನ ನಾರಿನ ಕೈಗವಸಿನಿಂದ ಉಜ್ಜಿ ತೆಗೆಯಿರಿ. ಆಮೇಲೆ ಹತ್ತು ಲೀಟರ್ ನೀರಿಗೆ ಒಂದು ಕಿಲೊ ಸುಣ್ಣ ಕಲಸಿ ಅಲ್ಲಿಗೇ ಬಳಿಯಿರಿ. ಹಸಿ ತೊಗಟೆ ಏಳಬಾರದು, ಕತ್ತಿ ತಾಗಿಸಬೇಡಿ."

ನೆರಳಿನ ಮಾತು ಎರಡರಲ್ಲೂ ಇಲ್ಲ. ಅದನ್ನು ಮರ ಕಸಿ ಮಾಡಿಸುವ ಕಾಲಕ್ಕೆ ಬರೆಯುವ ಚೀಟಿಗೆಂದು ತೆಗೆದಿಟ್ಟಿದ್ದೇನೆ, ಎಷ್ಟು ಕಡಿಯಬೇಕೆಂದು ಜನ ಕೇಳುವುದು ಆಗಲೇ.